ಕಲಾಯಿಯವನ ಮೌನ

ಶಿಷ್ಯೆ ಗುರುಸಿದ್ಧವ್ವ ಕೇಳಿದಳು: "ಗುರುಗಳೇ, ನನ್ನ ಮೈದುನ ತೀರಿಕೊಂಡು ಮೂರು ತಿಂಗಳಾಯಿತು. ಅಂದಿನಿಂದ ನಮ್ಮ ಯಜಮಾನರು ನನ್ನೊಡನೆ ಮಾತು ಬಿಟ್ಟಿದ್ದಾರೆ. ತಮ್ಮನಿಗಾಗಿ ಮರುಗುತ್ತಿದ್ದಾರೋ, ನನ್ನಿಂದ ದೂರ ಸರಿಯುತ್ತಿದ್ದಾರೋ ತಿಳಿಯದು. ನೋಡುವುದಕ್ಕೆ ಎರಡೂ ಒಂದೇ. ಗುರುತಿಸುವುದು ಹೇಗೆ?"

ಗುರುಗಳು ಹೇಳಿದರು: "ಒಬ್ಬ ಕಲಾಯಿಯವನ ಹೆಂಡತಿಯ ಕತೆ ಇದೆ. ಸಿಹಿಯಾದ ಕತೆಯಲ್ಲ. ಆದರೂ ಕೇಳು."

ಒಂದು ಊರಿನಲ್ಲಿ ಒಬ್ಬ ಕಲಾಯಿಯವನಿದ್ದ. ಊರೂರು ಸುತ್ತಿ ತಾಮ್ರದ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುವುದು ಅವನ ಕಸುಬು. ಅವನ ತಾಯಿ ಲಕ್ವ ಹೊಡೆದು ಎಂಟು ತಿಂಗಳು ಹಾಸಿಗೆ ಹಿಡಿದಳು. ಹೆಂಡತಿ ಆ ಎಂಟು ತಿಂಗಳೂ ಅತ್ತೆಯ ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಗಂಜಿ ಕುಡಿಸಿದಳು. ಮುದುಕಿ ಕಣ್ಣು ಮುಚ್ಚಿದ ದಿನ ಮಗ ಪಕ್ಕದ ಊರಿನಲ್ಲಿ ಕಲಾಯಿಯ ಒಲೆಯ ಮುಂದೆ ಕುಳಿತಿದ್ದ. ಸುದ್ದಿ ಮುಟ್ಟಿ ಅವನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೊನೆಯ ಗಳಿಗೆಯಲ್ಲಿ ಮುದುಕಿ ತೊದಲುತ್ತ ಮೂರು ಸಲ "ಮಗ ಬಂದನೇ?" ಎಂದು ಕೇಳಿದ್ದಳು. ಅದನ್ನು ಕೇಳಿದವಳು ಸೊಸೆ ಒಬ್ಬಳೇ. ಹೇಳಿದರೆ ಗಂಡನ ಎದೆ ಒಡೆದೀತು ಎಂದು ಅವಳು ಬಾಯಿ ಬಿಡಲಿಲ್ಲ. ಪಾಪ, ಒಳ್ಳೆಯದನ್ನೇ ಬಯಸಿದಳು.

ಹದಿಮೂರನೆಯ ದಿನ ಕಳೆಯಿತು. ನೆಂಟರು ಹೋದರು. ಕಲಾಯಿಯವನು ಮಾತು ನಿಲ್ಲಿಸಿದ. ಬಡಿಸಿದ್ದನ್ನು ಉಣ್ಣುತ್ತಿದ್ದ, ಉಪ್ಪಿಲ್ಲದಿದ್ದರೂ ಹೇಳುತ್ತಿರಲಿಲ್ಲ. ಕತ್ತಲಾಗುವ ಮುಂಚೆಯೇ ಮನೆಗೆ ಬಂದು ತಾಯಿ ಮಲಗುತ್ತಿದ್ದ ಮೂಲೆಗೆ ಬೆನ್ನು ಮಾಡಿ ಕೂರುತ್ತಿದ್ದ. ಹೆಂಡತಿ ಎದುರು ಬಂದರೆ ತಲೆ ತಗ್ಗಿಸುತ್ತಿದ್ದ. ಗಡ್ಡ ಬೆಳೆಯಿತು. ಕೆಲಸದಲ್ಲಿ ಕೈ ತಪ್ಪಿತು. ಪಾತ್ರೆ ಕಾದು ಕೆಂಪಾದರೂ ನೋಡುತ್ತ ಕುಳಿತಿರುತ್ತಿದ್ದ. ಆದರೂ ಬೆಳಿಗ್ಗೆ ಎದ್ದು ಅವಳಿಗಾಗಿ ಬಾವಿಯಿಂದ ಎರಡು ಕೊಡ ನೀರು ತಂದಿಡುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ನೀರು ಅವಳ ಕಣ್ಣಿಗೆ ಬೀಳಲಿಲ್ಲ. ದಿನವೂ ಸಿಗುವುದು ಯಾರ ಕಣ್ಣಿಗೆ ಬಿದ್ದೀತು!

ಹೆಂಡತಿ ಒಂದು ತಿಂಗಳು ತಾಳಿದಳು. ಒಂದು ದಿನ ಸಂತೆಗೆ ಹೋದಾಗ ದೂರದಿಂದ ಗಂಡನ ದನಿ ಕೇಳಿಸಿತು. ಯಾರೋ ಒಬ್ಬ ಅಜ್ಜಿಯ ತಪ್ಪಲೆ ಹಿಡಿದು, "ಅಜ್ಜಿ, ಇದು ನಿನ್ನ ಮದುವೆಯಲ್ಲಿ ಬಂದದ್ದೋ, ನಿನ್ನ ಅಜ್ಜಿಯ ಮದುವೆಯಲ್ಲೋ?" ಎಂದು ನಗಿಸುತ್ತಿದ್ದ. ತಾನೂ ನಗುತ್ತಿದ್ದ. ಇವಳ ಕರುಳಿಗೆ ಕಿಚ್ಚು ಬಿತ್ತು. ಅಯ್ಯೋ, ಬೀದಿಯವರಿಗೆ ನಗು, ನನಗೆ ಬೆನ್ನು! ಅವನಿಗೆ ಮಾತು ಬರುತ್ತದೆ, ನನ್ನೊಡನೆ ಮಾತ್ರ ಬೇಡವಾಗಿದೆ ಎಂದುಕೊಂಡಳು. ಆ ಅಜ್ಜಿಗೆ ಅವನ ತಾಯಿ ಸತ್ತದ್ದೇ ಗೊತ್ತಿರಲಿಲ್ಲ. ಗೊತ್ತಿಲ್ಲದವರ ಮುಂದೆ ನಗುವುದು ಸುಲಭ. ಇದು ಹೆಂಡತಿಗೆ ಹೊಳೆಯಲಿಲ್ಲ.

ಗಂಡನನ್ನೇ ಕೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದಳು. "ನಾನು ಬೇಡವಾದೆನೇ?" ಎಂದು ಕೇಳಿ, ಅವನು ಹೌದು ಎಂದುಬಿಟ್ಟರೆ? ಹೆದರಿ ಬಾಯಿ ಮುಚ್ಚಿದಳು. ಪಕ್ಕದ ಮನೆಯವಳನ್ನು ಕೇಳಿದಳು. ಊರಿನ ಪೂಜಾರಿಯನ್ನು ಕೇಳಿದಳು. ಕೊನೆಗೆ ಚಿಕ್ಕಮ್ಮನನ್ನು ಕೇಳಿದಳು.

ಚಿಕ್ಕಮ್ಮ ಹೇಳಿದಳು: "ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನ ಗಂಡನೂ ಹೀಗೇ ಮಾಡಿದ, ಕಣೇ. ಅಪ್ಪ ಸತ್ತ ದುಃಖ ಎಂದು ಸುಮ್ಮನಾದ. ಆಮೇಲೆ ನೋಡಿದರೆ ಇನ್ನೊಂದು ಮನೆ ಮಾಡಿದ್ದ. ನೀನು ತವರಿಗೆ ಹೋಗು. ನೀನು ಬೇಕಾದರೆ ಕರೆಯಲು ಬರುತ್ತಾನೆ."

ಚಿಕ್ಕಮ್ಮ ಸುಳ್ಳು ಹೇಳಲಿಲ್ಲ. ಆದರೆ ಆಕೆಯ ಗಂಡ ಮಾತು ಬಿಟ್ಟದ್ದು ತಂದೆ ಸಾಯುವುದಕ್ಕೆ ಒಂದು ವರ್ಷ ಮುಂಚೆ. ಸಾವು ಅವನಿಗೆ ನೆಪವಾಗಿ ಒದಗಿತು, ಅಷ್ಟೇ. ಅವನು ತಲೆಗೆ ಎಣ್ಣೆ ಹಚ್ಚಿ, ಮಡಿ ಪಂಚೆ ಉಟ್ಟು ಹೊರಗೆ ಹೋಗುತ್ತಿದ್ದ. ಎಲ್ಲಿಗೆ ಎಂದರೆ ಉರಿದು ಬೀಳುತ್ತಿದ್ದ. ಈ ಕಲಾಯಿಯವನು ಎಲ್ಲಿಗೂ ಹೋಗಲಿಲ್ಲ, ಯಾರ ಮೇಲೂ ಉರಿಯಲಿಲ್ಲ, ತನ್ನ ಮೈಯ ಗೊಡವೆಯೇ ಅವನಿಗಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಚಿಕ್ಕಮ್ಮ ತನ್ನ ರೋಗದ ಮದ್ದನ್ನು ಇವಳಿಗೆ ಕುಡಿಸಿದಳು. ಇವಳೂ ಕುಡಿದಳು.

ಹೆಂಡತಿ ಬಟ್ಟೆ ಗಂಟು ಕಟ್ಟಿ, "ತವರಿಗೆ ಹೋಗುತ್ತೇನೆ" ಎಂದಳು. ಬೇಡ ಎನ್ನಲಿ ಎಂದು ಹೊಸ್ತಿಲಲ್ಲಿ ನಿಂತಳು. ಅವನು ತಲೆಯಾಡಿಸಿದ. ಎಂಟು ತಿಂಗಳು ತನ್ನ ತಾಯಿಯನ್ನು ಹೊತ್ತವಳು, ನಾಲ್ಕು ದಿನ ಉಂಡು ಮಲಗಲಿ ಎಂಬುದು ಅವನ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ನಾಲಿಗೆಗೆ ಬರಲಿಲ್ಲ.

ಅವಳು ತವರಿನಲ್ಲಿ ಕಾದಳು. ದಣಿವಾರಿದಾಗ ತಾನೇ ಬರುತ್ತಾಳೆ ಎಂದು ಅವನು ಇಲ್ಲಿ ಕಾದ. ಐದು ತಿಂಗಳಾಯಿತು. ಅವಳ ಅಣ್ಣಂದಿರಿಗೆ ರೋಷ ಬಂತು. ಊರ ಕಟ್ಟೆಯಲ್ಲಿ ಹಿರಿಯರನ್ನು ಸೇರಿಸಿದರು.

ಹಿರಿಯರು ಕಲಾಯಿಯವನನ್ನು ಕೇಳಿದರು: "ಇವಳನ್ನು ಇಟ್ಟುಕೊಳ್ಳುತ್ತೀಯೋ, ಬಿಡುತ್ತೀಯೋ?"

ಅವನು ಸೊರಗಿ ಕಡ್ಡಿಯಾಗಿದ್ದ. ನೆಲ ನೋಡುತ್ತ, "ಅವಳ ಇಷ್ಟ" ಎಂದ.

ಯಾವುದನ್ನೂ ಬೇಡುವ ಶಕ್ತಿ ಉಳಿಯದವನ ಮಾತು ಅದು. ಹೆಂಡತಿಗೆ ಅದು ಬೇಡ ಎಂದೇ ಕೇಳಿಸಿತು. ಇಷ್ಟು ದಿನ ಹೆದರಿದ್ದ ಉತ್ತರ ಬಂದೇಬಿಟ್ಟಿತು ಎಂದುಕೊಂಡಳು. ಅವಮಾನದಿಂದ ಕೊರಳಿನ ತಾಳಿ ಬಿಚ್ಚಿ ಹಿರಿಯರ ಮುಂದೆ ಇಟ್ಟಳು. ಹೀಗೆ ಬಿಚ್ಚಿದ ತಾಳಿಯನ್ನು ಅದೇ ಕೊರಳಿಗೆ ಮತ್ತೆ ಕಟ್ಟುವ ರೂಢಿ ಅವರಲ್ಲಿ ಇರಲಿಲ್ಲ. ಹಿರಿಯರು ಎದ್ದರು. ಅಣ್ಣಂದಿರು ಗಾಡಿ ಹೂಡಲು ಹೋದರು.

ಆಗ ಕಲಾಯಿಯವನು ಅವಳ ಹತ್ತಿರ ಬಂದ. ಆರು ತಿಂಗಳಲ್ಲಿ ಮೊದಲ ಸಲ ಅವಳ ಮುಖ ನೋಡಿದ. "ಒಂದು ಮಾತು ಕೇಳಬೇಕು. ಇಷ್ಟು ದಿನ ಕೇಳಲು ಧೈರ್ಯ ಬರಲಿಲ್ಲ. ನಿನ್ನ ಮುಖ ಕಂಡರೆ ಅದೇ ಮಾತು ಬಾಯಿಗೆ ಬರುತ್ತಿತ್ತು, ಅದಕ್ಕೇ ನೋಡಲಿಲ್ಲ. ಅವ್ವ ಕೊನೆಗೆ ನನ್ನನ್ನು ಕೇಳಿದಳೇ?"

ಅವಳಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. "ಮೂರು ಸಲ ಕೇಳಿದರು" ಎಂದಳು.

ಅವನು ಅಲ್ಲೇ ಕಟ್ಟೆಯ ಮೇಲೆ ಕುಸಿದು, ತಾಯಿ ಸತ್ತ ದಿನ ಅಳದವನು ಬಾಯಿ ಬಿಟ್ಟು ಅತ್ತ. ಅವಳು ಅವನ ತಲೆ ಮುಟ್ಟಲು ಕೈ ಚಾಚಿದಳು. ಹಿರಿಯನೊಬ್ಬ ನಡುವೆ ಬಂದು, "ಇನ್ನು ನೀನು ಮುಟ್ಟುವಂತಿಲ್ಲ, ತಾಯಿ" ಎಂದ. ಅಣ್ಣಂದಿರು ಅವಳನ್ನು ಗಾಡಿ ಹತ್ತಿಸಿದರು.

ಗುರುಗಳು ಕತೆ ಮುಗಿಸಿದರು.

ಗುರುಸಿದ್ಧವ್ವ ಕಣ್ಣೊರೆಸಿಕೊಂಡು ಕೇಳಿದಳು: "ಹಾಗಾದರೆ ಗುರುಗಳೇ, ನಮ್ಮ ಯಜಮಾನರದು ಯಾವ ಮೌನ? ನೀವೇ ಹೇಳಿ."

ಗುರುಗಳು ಹೇಳಿದರು: "ನೀನೂ ಅವನನ್ನು ಮನೆಯಲ್ಲಿ ಬಿಟ್ಟು, ನನ್ನನ್ನು ಕೇಳಲು ಬಂದೆಯಲ್ಲ, ಮಗಳೇ."

ಗುರುಸಿದ್ಧವ್ವ ಎದ್ದು ಮನೆಯ ದಾರಿ ಹಿಡಿದಳು.