ಎದ್ದ ಕೈಗಳು

"ಭಕ್ತಿ, ಜ್ಞಾನ, ನಿಷ್ಕಾಮ ಕರ್ಮ, ಈ ಮೂರರಲ್ಲಿ ದೊಡ್ಡ ದಾರಿ ಯಾವುದು, ಅಪ್ಪಾರೆ?"

ಕೇಳಿದವನು ರಾಚಯ್ಯ, ಮಠದ ದಾಸೋಹದಲ್ಲಿ ಅಡುಗೆ ಮಾಡುವವನು. ಆ ಕೆಲಸ ಅವನಿಗೆ ಒಗ್ಗಿದ್ದೇ. ಆದರೆ ಶಾಸ್ತ್ರ ಓದುವವರು ಗುರುಗಳ ಎದುರು ಮೊದಲ ಸಾಲಿನಲ್ಲಿ ಕೂರುತ್ತಿದ್ದರು, ಬಂದವರು ಅವರ ಕಾಲಿಗೂ ಬೀಳುತ್ತಿದ್ದರು. ಅನ್ನ ಬಸಿಯುವವನ ಕಾಲಿಗೆ ಯಾರು ಬೀಳುತ್ತಾರೆ? ಸೌಟು ಬಿಟ್ಟು ಆ ಸಾಲಿಗೆ ಸೇರಬೇಕೆಂದು ಅವನು ಆಗಲೇ ನಿಶ್ಚಯಿಸಿಬಿಟ್ಟಿದ್ದ. ಜ್ಞಾನವೇ ದೊಡ್ಡದು ಎಂದು ಗುರುಗಳ ಬಾಯಿಂದ ಒಂದು ಮಾತು ಬಿದ್ದರೆ ಸಾಕಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ನೇಕಾರ ಮುಕ್ತಿ ಬಯಸಿ ಒಬ್ಬ ಗುರುವಿನ ಬಳಿ ಹೋದ. ಮನಸ್ಸು ಬೇಗ ಕರಗುವವನು ದೇವರ ನಾಮ ಹಿಡಿಯಲಿ, ಎಲ್ಲವನ್ನೂ ಪ್ರಶ್ನಿಸುವವನು ವಿಚಾರ ಹಿಡಿಯಲಿ, ಸುಮ್ಮನೆ ಕೂರಲಾರದವನು ಫಲದ ಆಸೆ ಬಿಟ್ಟು ಕೆಲಸ ಹಿಡಿಯಲಿ, ಸೇರುವ ಊರು ಒಂದೇ ಎಂದು ಗುರು ಹೇಳಿದ. ಆರಿಸುವುದನ್ನು ಅವನಿಗೇ ಬಿಟ್ಟ. ನೇಕಾರ ಸುಮ್ಮನೆ ಕೂರಲಾರದ ಪ್ರಾಣಿ. ಆದರೂ ಮರ್ಯಾದೆ ಎಲ್ಲಿ ಹೆಚ್ಚೆಂದು ನೋಡಿ ವಿಚಾರದವರ ನಡುವೆ ಹೋಗಿ ಕೂತ.

ಶ್ರವಣವೇನೋ ಆಯಿತು. ಕೇಳಿದ್ದನ್ನು ಸಂಶಯ ಹರಿಯುವವರೆಗೆ ಮನನ ಮಾಡಬೇಕಿತ್ತು. ಅವನಲ್ಲಿ ಸಂಶಯವೇ ಹುಟ್ಟಲಿಲ್ಲ. ತಿಳಿದದ್ದರಲ್ಲಿ ನೆಲೆ ನಿಲ್ಲಲೆಂದು ನಿದಿಧ್ಯಾಸನಕ್ಕೆ ಕೂತರೆ ಬೆರಳುಗಳು ಪಂಚೆಯ ಅಂಚಿನ ಎಳೆಗಳನ್ನು ತಡವುತ್ತಿದ್ದವು. ಕೊನೆಗೆ ಮಾತುಗಳನ್ನಷ್ಟೇ ಬಾಯಿಪಾಠ ಮಾಡಿಕೊಂಡ.

ಒಂದು ದಿನ ಮುದುಕ ಯಾತ್ರಿಕನೊಬ್ಬ ಆ ಗುರುವಿನ ಆಶ್ರಮದ ಜಗಲಿಯ ಮೇಲೆ ವಾಂತಿ ಮಾಡಿಕೊಂಡು ಬಿದ್ದ. ಭಜನೆಯಲ್ಲಿದ್ದ ಹೆಂಗಸೊಬ್ಬಳು ತನ್ನ ದೇವರೇ ಬಂದನೆಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಇವನಲ್ಲಿರುವುದೂ ನನ್ನಲ್ಲಿರುವುದೂ ಒಂದೇ ಎಂದು ಬಲ್ಲ ವಿಚಾರದವನೊಬ್ಬ ಓದು ಬಿಟ್ಟು ಎದ್ದು ಗಾಳಿ ಬೀಸಿದ. ಅಂಗಳ ಗುಡಿಸುವವನು ನೆಲ ತೊಳೆದು, ಹೊಗಳಿಕೆಗೆ ಕಾಯದೆ ತನ್ನ ಕೆಲಸಕ್ಕೆ ಹೋದ. ನೇಕಾರನ ಕೈಗಳೂ ತಾವಾಗಿಯೇ ಎದ್ದವು. ಎದ್ದ ಕೈಗಳನ್ನು ಅವನು ಮಡಿಲಲ್ಲಿ ಒತ್ತಿ ಹಿಡಿದುಕೊಂಡು, "ದೇಹ ಆತ್ಮವಲ್ಲ" ಎಂದ.

ಮುದುಕ ಅವನತ್ತ ತಿರುಗಿ, "ಹೌದಪ್ಪಾ, ಸ್ವಲ್ಪ ನೀರು ಕೊಡ್ತೀಯಾ?" ಎಂದು ಕೇಳಿದ.

ನೇಕಾರನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನೀರು ಕೊಟ್ಟ. ಆಮೇಲೆ ಗುರುವಿನ ಬಳಿ ಹೋಗಿ, ನಾನು ಆಡಿದ ಮಾತು ಸುಳ್ಳೇ ಎಂದು ಕೇಳಿದ.

"ಮಾತು ನಿಜ. ನೀನು ಅದರ ಹಿಂದೆ ಅಡಗಿ ಕೂತಿದ್ದೆ. ಹೋಗಿ ನೇಯಿ. ಬಟ್ಟೆಯನ್ನೂ ಕೊಡು, ನೇಯ್ದವನು ನಾನು ಎಂಬುದನ್ನೂ ಕೊಡು" ಎಂದ ಗುರು.

ಕತೆ ಅಲ್ಲಿಗೆ ನಿಂತಿತು. ರಾಚಯ್ಯನ ಕಿವಿ ಬಿಸಿಯಾಗಿತ್ತು. ತನ್ನ ಮನಸ್ಸಿನ ಗುಟ್ಟು ಇವರಿಗೆ ಹೇಗೆ ತಿಳಿಯಿತೆಂದು ನಾಚಿಕೆಯಾಯಿತು. ಆದರೂ ಆಸೆ ಕೆಟ್ಟದ್ದು ನೋಡಿ, ಮೂರರಲ್ಲಿ ದೊಡ್ಡ ದಾರಿ ಯಾವುದೆಂದು ಅಪ್ಪನವರು ಹೇಳಲೇ ಇಲ್ಲವಲ್ಲ ಎಂದು ತಡವರಿಸುತ್ತಾ ನೆನಪಿಸಿದ.

"ನೀನು ದಾರಿ ಎಲ್ಲಿ ಕೇಳಿದೆ, ರಾಚಯ್ಯ? ಕೂರುವ ಜಾಗ ಕೇಳಿದೆ" ಎಂದರು ಗುರುಗಳು.