ನೀಲಿಯಾಗದ ಟಿಕ್ಕುಗಳು

ಚೆನ್ನಾಜಮ್ಮನ ಫೋನು ದಿನಾ ಬೆಳಿಗ್ಗೆ ಆರಕ್ಕೆ ಟಿಂಗ್ ಎನ್ನುತ್ತಿತ್ತು. ಲಾಕ್ ತೆಗೆಯುವ ಮೊದಲೇ ಪರದೆಯ ಮೇಲೆ ಮೊಮ್ಮಗಳು ಇಂಚರಳ ಸಾಲು ಮೂಡುತ್ತಿತ್ತು: ‘ಶುಭೋದಯ ಅಜ್ಜಿ. ಎದ್ದ್ಯಾ? ಕಾಫಿ ಆಯ್ತಾ?’

ಅಜ್ಜಿ ಕನ್ನಡಕ ಏರಿಸಿ ಅದನ್ನು ಓದುತ್ತಿದ್ದಳು. ಆಮೇಲೆ ಫೋನಿನ ಹತ್ತಿರ ಬಾಗಿ ಗಟ್ಟಿಯಾಗಿ ಹೇಳುತ್ತಿದ್ದಳು: “ಎದ್ದೆ ಕಣೇ ಕಂದ. ಕಾಫಿನೂ ಆಯ್ತು. ನಿಂದಾಯ್ತಾ?”

ಎರಡು ತಿಂಗಳು ಹೀಗೇ ನಡೆದು, ಒಂದು ಬೆಳಿಗ್ಗೆ ಟಿಂಗ್ ಬರಲಿಲ್ಲ.

“ಮಗು ಯಾಕೆ ಸುಮ್ಮನಾಯಿತು?” ಎಂದು ಕನ್ನಡಕ ಕೇಳಿತು.

ಫೋನು ಹೇಳಿತು: “ಮೆಸೇಜನ್ನು ತೆರೆದರೆ ಮಾತ್ರ ಅವಳ ಫೋನಿನಲ್ಲಿ ಎರಡು ಟಿಕ್ಕು ನೀಲಿಯಾಗುತ್ತವೆ. ಅಜ್ಜಿ ಒಂದು ದಿನವೂ ತೆರೆಯಲಿಲ್ಲ, ಅವು ಬೂದು ಬಣ್ಣದಲ್ಲೇ ಉಳಿದವು. ತನ್ನ ಮೆಸೇಜು ಅಜ್ಜಿಗೆ ಬೇಡವೆಂದು ಇಂಚರ ಅಂದುಕೊಂಡಿರಬೇಕು.”

“ಅಜ್ಜಿಯ ಉತ್ತರವೆಲ್ಲ ನಿನ್ನ ಎದುರಿಗೇ ಬಂತಲ್ಲ! ತಲುಪಿಸಬಾರದಿತ್ತೆ?”

“ಮೈಕಿನ ಗುರುತು ಒತ್ತಿ ಹಿಡಿಯದೆ ನಾನು ಒಂದು ಮಾತನ್ನೂ ಒಯ್ಯಲಾರೆ. ಒತ್ತಬೇಕೆಂದು ಅಜ್ಜಿಗೆ ಯಾರೂ ಹೇಳಿಕೊಡಲಿಲ್ಲ.”

ಅಷ್ಟರಲ್ಲಿ ಅಜ್ಜಿ ಬಂದು ಕನ್ನಡಕ ಹಾಕಿಕೊಂಡಳು. ಕಪ್ಪು ಪರದೆಯನ್ನು ಸೆರಗಿನಿಂದ ಒರೆಸಿ, ಎಂದಿಗಿಂತ ಹತ್ತಿರ ಬಾಗಿದಳು.

“ನಾನು ಎದ್ದೆ ಕಣೇ. ನೀನಿನ್ನೂ ಎದ್ದಿಲ್ವಾ?”