ಗ್ರಂಥಾಲಯದ ಇಳಿಜಾರು

"ಗುರುಗಳೇ, ನಾನು ಬರೆದ ಪಾಠದ ಟಿಪ್ಪಣಿಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಎಲ್ಲರ ಎದುರು ಹೀಗಳೆದಿದ್ದಾರೆ. ಸುಮ್ಮನಿದ್ದರೆ ಸೋತಂತೆ, ಉತ್ತರ ಕೊಟ್ಟರೆ ಜಗಳ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

"ನಿನ್ನ ಮುಖ ನೋಡಿದರೆ ಉತ್ತರ ಆಗಲೇ ಬರೆದಿಟ್ಟುಕೊಂಡಂತಿದೆ. ಕಳಿಸುವ ಮೊದಲು ಇದನ್ನು ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಗಾರೆ ಮೇಸ್ತ್ರಿಯಿದ್ದ. ಊರಿನ ಗ್ರಂಥಾಲಯಕ್ಕೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಬೇಕೆಂದಾಗ ಕೂಲಿ ಕೇಳದೆ ಕಟ್ಟಿಕೊಟ್ಟ. ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಎಲ್ಲರೂ ಹೊಗಳಿದರು. ಮರುದಿನ ಬೆಳಿಗ್ಗೆ ಒಬ್ಬರು ನಿವೃತ್ತ ಟೀಚರಮ್ಮ ಬರೆದರು. ಕಾಲು ಹೋಗಿ ಗಾಲಿಕುರ್ಚಿ ಹಿಡಿದ ಮೇಲೆ ಅವರು ಗ್ರಂಥಾಲಯದ ಒಳಗೆ ಹೋಗದೆ ಎರಡು ವರ್ಷವಾಗಿತ್ತು.

"ಇದು ಇಳಿಜಾರಲ್ಲ, ಜಾರುಬಂಡೆ. ಕಟ್ಟಿದವರು ಅಳತೆ ಹಿಡಿದಿದ್ದಾರಾ, ಕಣ್ಣು ಮುಚ್ಚಿ ಕಟ್ಟಿದ್ದಾರಾ? ಅರ್ಧಕ್ಕೆ ಹೋಗಿ ವಾಪಸ್ ಬಂದೆ. ನನ್ನಂಥವರನ್ನು ಹೀಗೆ ಅಣಕಿಸಬೇಡಿ."

ಮೇಸ್ತ್ರಿಗೆ ಮೈ ಉರಿಯಿತು. ಅವನು ಅಳತೆ ಹಿಡಿದೇ ಕಟ್ಟಿದ್ದ. 'ಬಿಟ್ಟಿ ಕೆಲಸಕ್ಕೆ ಇದೇ ಬಹುಮಾನವೇ' ಎಂದು ಬರೆದ. ಕಳಿಸಲಿಲ್ಲ. ಅವರ ಮಾತನ್ನು ಮತ್ತೊಮ್ಮೆ ಓದಿದ. ಬೈಗುಳವನ್ನು ಬಿಟ್ಟು ನೋಡಿದರೆ ಅದರಲ್ಲಿ ಒಂದು ಸುದ್ದಿಯಿತ್ತು: ಕುರ್ಚಿ ಅರ್ಧಕ್ಕೆ ನಿಂತಿದೆ. ಬರೆದದ್ದನ್ನು ಅಳಿಸಿ, ಬೇರೆ ಬರೆದ: "ಟೀಚರಮ್ಮಾ, ನೋಡಿದೆ. ಎಲ್ಲಿ ಕಷ್ಟವಾಯಿತು ಅಂತ ಸ್ವಲ್ಪ ಹೇಳ್ತೀರಾ? ಈಗಲೇ ಹೋಗಿ ಅಳೀತೀನಿ. ಸಂಜೆ ಇಲ್ಲೇ ತಿಳಿಸ್ತೀನಿ."

ಅವರು ಹೇಳಿದರು. ನಡುವಿನಲ್ಲಿ ಕೈ ಸೋತು ಕುರ್ಚಿ ಹಿಂದಕ್ಕೆ ಸರಿದಿತ್ತು. ಒಂದು ವೇಳೆ ಮೇಲೆ ತಲುಪಿದ್ದರೂ ಬಾಗಿಲು ಎಳೆಯುವಾಗ ಕುರ್ಚಿ ನಿಲ್ಲಿಸಲು ಸಮತಟ್ಟು ಜಾಗವಿರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಯ ಭಾವ ಗುಂಪಿಗೆ ನುಗ್ಗಿದ. "ಪುಕ್ಕಟೆ ಮಾಡಿಕೊಟ್ಟವನಿಗೆ ಹೀಗಾ ಮಾತಾಡೋದು?" ಎಂದ. ಇನ್ನಿಬ್ಬರು ಹೌದು ಹೌದು ಎಂದರು. ಮೇಸ್ತ್ರಿಗೆ ಒಳಗೊಳಗೇ ಹಿತವಾಯಿತು, ಸುಳ್ಳೇಕೆ ಹೇಳಲಿ. ಆದರೆ ಎಲ್ಲರಿಗೂ ಕಾಣುವಂತೆ ಬರೆದ: "ಭಾವ, ಬೇಡ. ಕುರ್ಚಿಯಲ್ಲಿ ಕೂತು ಹತ್ತಿದ್ದು ಅವರು, ನಾವಲ್ಲ."

ಮೇಸ್ತ್ರಿ ಟೇಪು ಹಿಡಿದು ಹೋದ. ನೆಲದಿಂದ ಬಾಗಿಲ ಹೊಸ್ತಿಲಿಗೆ ಎತ್ತರ ಎರಡು ಅಡಿ, ಇಳಿಜಾರಿನ ಉದ್ದ ಹನ್ನೆರಡು. ಮನೆಗಳ ಮುಂದೆ ಸ್ಕೂಟರ್ ಹತ್ತಿಸಲು ಮೂವತ್ತು ವರ್ಷದಿಂದ ಕಟ್ಟಿಕೊಡುತ್ತಿದ್ದ ಅದೇ ಲೆಕ್ಕ. ಸ್ಕೂಟರಿಗೆ ಎಂಜಿನ್ ಇದೆ, ಟೀಚರಿಗೆ ಇದ್ದದ್ದು ಎರಡು ತೋಳು. ತಿಳಿದವರನ್ನು ಕೇಳಿದ. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು ಎಂದರು. ಅವನಿಗೆ ನಾಚಿಕೆಯಾಯಿತು.

ಸಂಜೆ ಬರೆದ: "ಟೀಚರಮ್ಮ ಹೇಳಿದ್ದು ನಿಜ. ಸ್ಕೂಟರಿನ ಅಳತೆಯಲ್ಲಿ ಕಟ್ಟಿದ್ದೀನಿ, ಅದು ನನ್ನ ತಪ್ಪು. ಇಪ್ಪತ್ತನಾಲ್ಕು ಅಡಿ ಬೇಕು. ನೇರಕ್ಕೆ ಜಾಗ ಇಲ್ಲ, ಅದಕ್ಕೆ ಹನ್ನೆರಡು ಅಡಿ ಹತ್ತಿಸಿ, ಸಮತಟ್ಟು ಕೊಟ್ಟು, ಅಲ್ಲಿಂದ ತಿರುಗಿಸಿ ಇನ್ನು ಹನ್ನೆರಡು ಅಡಿ ಹತ್ತಿಸ್ತೀನಿ. ಬಾಗಿಲ ಮುಂದೆ ಐದು ಅಡಿ ಮಟ್ಟಸ. ನಾಳೆ ಒಡೀತೀನಿ, ಹದಿನೈದು ದಿನದಲ್ಲಿ ಮುಗಿಸ್ತೀನಿ. ಅಲ್ಲಿವರೆಗೆ ಯಾರೂ ಅದರ ಮೇಲೆ ಕುರ್ಚಿ ತರಬೇಡಿ."

ಕಣ್ಣು ಮುಚ್ಚಿ ಕಟ್ಟಿದ್ದಾರೆ ಎಂಬ ಮಾತಿಗೆ ಅವನು ಉತ್ತರ ಕೊಡಲೇ ಇಲ್ಲ. ಅದು ಸುಳ್ಳಾಗಿತ್ತು, ಚುಚ್ಚುತ್ತಲೂ ಇತ್ತು. ಆದರೆ ಅದನ್ನು ತಿದ್ದಿದರೆ ಇಳಿಜಾರು ಒಂದಿಂಚೂ ತಗ್ಗುತ್ತಿರಲಿಲ್ಲ.

ತಾನೇ ಕಟ್ಟಿದ್ದನ್ನು ತಾನೇ ಒಡೆದ. ನೋಡುವವರು ನಿಂತು ನೋಡಿದರು. ದಿನಕ್ಕೊಂದು ಫೋಟೊ ಹಾಕಿದ, ಅದರ ಜೊತೆ ಅಳತೆ ಬರೆದ, ಬೇರೇನೂ ಬರೆಯಲಿಲ್ಲ. ಎರಡು ದಿನ ತಡವಾದಾಗ ತಡವಾಗಿದೆ ಎಂದ. ಕಾಂಕ್ರೀಟು ಗಟ್ಟಿಯಾದ ಮೇಲೆ, ಕೊನೆಯ ಗಾರೆ ಹಾಕುವ ಮೊದಲು, ಟೀಚರನ್ನು ಕರೆದ. "ನೀವು ಸರಿ ಅಂದ್ರೆ ಮಾತ್ರ ಮುಗಿಸ್ತೀನಿ," ಎಂದ. ಅವರು ಬಂದು ಇಳಿಜಾರಿನ ಬುಡದಲ್ಲಿ ಕುರ್ಚಿ ನಿಲ್ಲಿಸಿ, ಗಾಲಿಗಳ ಮೇಲೆ ಕೈಯಿಟ್ಟರು.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಹಾಗೆಲ್ಲಾ ಬೈದದ್ದಕ್ಕೆ ಆ ಟೀಚರು ಕೊನೆಗೆ ಕ್ಷಮೆ ಕೇಳಿದರೇ?"

"ಅವರು ಒಳಗೆ ಹೋದರೇ ಎಂದು ನೀನು ಕೇಳಲಿಲ್ಲ," ಎಂದರು ಗುರುಗಳು.